ಅನುಪಾತ ಬಂತು, ಆದರೆ ಅದು ಯಾವುದರ ಅನುಪಾತ?

ಎಲ್ಲರಿಗೂ ನಮಸ್ಕಾರ. ಎರಡು ವಸ್ತುಗಳನ್ನು ಯಾವ ಅನುಪಾತದಲ್ಲಿ ಬೆರೆಸಬೇಕು ಅಂತ ಕಂಡುಹಿಡಿಯುವ ಅಲಿಗೇಶನ್ ಕ್ರಾಸ್ ಹಾಕುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಶುರು ಮಾಡುತ್ತೇನೆ. ಎಡಕ್ಕೆ ಒಂದು ಸಂಖ್ಯೆ, ಬಲಕ್ಕೆ ಇನ್ನೊಂದು, ನಡುವೆ ಮಿಶ್ರಣದ ಸಂಖ್ಯೆ. ಓರೆಯಾಗಿ ಕಳೆದರೆ ಕೆಳಗೆ ಎರಡು ವ್ಯತ್ಯಾಸ ಸಿಗುತ್ತವೆ. ಅವೆರಡರ ಅನುಪಾತವೇ ಉತ್ತರ. ಇಷ್ಟೇ ವಿಧಾನ. ಈ ಕಳೆಯುವ ಕೆಲಸದಲ್ಲಿ ಎಡವುವವರು ತುಂಬಾ ಕಡಿಮೆ. ಕ್ರಾಸ್‌ಗೆ ಯಾವ ಸಂಖ್ಯೆ ಹಾಕಬೇಕು, ಬಂದ ಅನುಪಾತವನ್ನು ಯಾವ ಪ್ರಮಾಣಕ್ಕೆ ಹಚ್ಚಬೇಕು, ಈ ಎರಡು ಕಡೆ ಲೆಕ್ಕ ಹಳಿ ತಪ್ಪುತ್ತದೆ. ಅಂಥ ತಪ್ಪನ್ನು ಹಿಡಿಯುವುದು ಹೇಗೆ ಎನ್ನುವುದಷ್ಟೇ ಇವತ್ತಿನ ಮಾತು.

ಒಂದು ಲೆಕ್ಕ ತೆಗೆದುಕೊಳ್ಳೋಣ. ಮೊದಲ ಪಾತ್ರೆಯಲ್ಲಿ ಹಾಲು ಮತ್ತು ನೀರು 5:3 ಇದೆ. ಎರಡನೇ ಪಾತ್ರೆಯಲ್ಲಿ 1:2 ಇದೆ. ಎರಡನ್ನೂ ಸೇರಿಸಿದಾಗ ಹಾಲು, ನೀರು ಸಮ ಸಮ ಬರಬೇಕು. ಯಾವ ಅನುಪಾತದಲ್ಲಿ ಸೇರಿಸಬೇಕು?

ಒಬ್ಬ ವಿದ್ಯಾರ್ಥಿ ಹೀಗೆ ಮಾಡುತ್ತಾನೆ ಅಂದುಕೊಳ್ಳಿ. 5:3 ಅಂದರೆ 5/3. 1:2 ಅಂದರೆ 1/2. ಸಮ ಸಮ ಅಂದರೆ 1. ಕ್ರಾಸ್ ಹಾಕುತ್ತಾನೆ. 1 ರಿಂದ 1/2 ಕಳೆದರೆ 1/2. 5/3 ರಿಂದ 1 ಕಳೆದರೆ 2/3. ಅನುಪಾತ 1/2 : 2/3, ಅಂದರೆ 3:4. ಆಪ್ಷನ್‌ಗಳಲ್ಲಿ 3:4 ಕೂಡ ಇದೆ. ಟಿಕ್ ಹಾಕಿ ಮುಂದೆ ಹೋಗುತ್ತಾನೆ.

ಇನ್ನೊಬ್ಬಳು ಬೇರೆ ರೀತಿ ಮಾಡುತ್ತಾಳೆ. 5:3 ಅಂದರೆ ಒಟ್ಟು 8 ಭಾಗದಲ್ಲಿ 5 ಭಾಗ ಹಾಲು, ಹಾಗಾಗಿ 5/8. 1:2 ಅಂದರೆ 3 ರಲ್ಲಿ 1, ಹಾಗಾಗಿ 1/3. ಸಮ ಸಮ ಅಂದರೆ 1/2. ಕ್ರಾಸ್ ಹಾಕಿದರೆ 1/2 ರಿಂದ 1/3 ಕಳೆದು 1/6, 5/8 ರಿಂದ 1/2 ಕಳೆದು 1/8. ಅನುಪಾತ 1/6 : 1/8, ಅಂದರೆ 4:3.

ಒಂದು 3:4, ಇನ್ನೊಂದು 4:3. ಇದನ್ನು ನೋಡಿದ ತಕ್ಷಣ ಜಾಸ್ತಿ ಜನ ಹೇಳುವುದು, "ಅವನು ಅನುಪಾತವನ್ನು ತಿರುಗಿಸಿ ಬರೆದಿದ್ದಾನೆ" ಅಂತ. ಆದರೆ ಅವನು ತಿರುಗಿಸಿಲ್ಲ. ಸಂಖ್ಯೆಗಳು ಹಾಗೆ ಕನ್ನಡಿಯಲ್ಲಿ ನೋಡಿದಂತೆ ಬಂದಿರುವುದು ಈ ಲೆಕ್ಕದಲ್ಲಿ ಮಾತ್ರ. ತಿರುಗಿಸಿದ್ದಾನೆ ಎಂದು ತಿದ್ದಿದರೆ ಇಲ್ಲಿ ಉತ್ತರ ಸರಿಯಾಗುತ್ತದೆ, ಮುಂದಿನ ಲೆಕ್ಕದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ. ಅದಕ್ಕೇ ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಬಿಚ್ಚಿ ನೋಡಬೇಕು.

ಮೊದಲು ಅವನ ಉತ್ತರವನ್ನು ಪರೀಕ್ಷೆ ಮಾಡೋಣ. ಸಾಮಾನ್ಯವಾಗಿ ನಾವು ಮಾಡುವ ಪರೀಕ್ಷೆ ಏನು? ಬಂದ ಅನುಪಾತವನ್ನು ವಾಪಸ್ ಹಾಕಿ ಸರಾಸರಿ ನೋಡುತ್ತೇವೆ. ಅವನೂ ಹಾಗೇ ಮಾಡಲಿ. 3 ಪಾಲು 5/3 ಅಂದರೆ 5. 4 ಪಾಲು 1/2 ಅಂದರೆ 2. ಒಟ್ಟು 7. ಅದನ್ನು 3+4, ಅಂದರೆ 7 ರಿಂದ ಭಾಗಿಸಿದರೆ 1. ಸರಿಯಾಗಿ ಬಂತು! ಪರೀಕ್ಷೆ ಮಾಡಿಯೂ ತಪ್ಪು ಉತ್ತರ ಪಾಸಾಯಿತು.

ಇಲ್ಲಿ ನಿಲ್ಲಬೇಕು. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕ್ರಾಸ್ ಮತ್ತು ಸರಾಸರಿ, ಎರಡೂ ಒಂದೇ ಸಮೀಕರಣದ ಎರಡು ರೂಪ. ಹಾಗಾಗಿ ಕ್ರಾಸ್‌ಗೆ ಹಾಕಿದ ಸಂಖ್ಯೆಗಳನ್ನೇ ಇಟ್ಟುಕೊಂಡು ಸರಾಸರಿ ತೆಗೆದರೆ ಅದು ಯಾವಾಗಲೂ ಸರಿಯಾಗಿಯೇ ಬರುತ್ತದೆ. ಕಳೆಯುವಾಗ ತಪ್ಪಾಗಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ. ಸಂಖ್ಯೆಗಳೇ ತಪ್ಪು ಪ್ರಮಾಣದವಾಗಿದ್ದರೆ ಆ ಪರೀಕ್ಷೆಗೆ ಅದು ಕಾಣುವುದೇ ಇಲ್ಲ.

ಹಾಗಾದರೆ ನಿಜವಾದ ಪರೀಕ್ಷೆ ಯಾವುದು? ಸುರಿದು ನೋಡುವುದು. ಅನುಪಾತ, ಭಿನ್ನರಾಶಿ, ಪರ್ಸೆಂಟ್ ಎಲ್ಲವನ್ನೂ ಬಿಟ್ಟು, ಲೀಟರ್‌ನಲ್ಲಿ ಎಷ್ಟು ಹಾಲು, ಎಷ್ಟು ನೀರು ಅಂತ ಎಣಿಸುವುದು. ಲೀಟರ್ ಆರಿಸುವಾಗ ಒಂದು ಅನುಕೂಲ ಮಾಡಿಕೊಳ್ಳಿ. ಮೊದಲ ಪಾತ್ರೆಗೆ 8 ರ ಮಗ್ಗಿಯ ಸಂಖ್ಯೆ, ಎರಡನೆಯದಕ್ಕೆ 3 ರ ಮಗ್ಗಿಯ ಸಂಖ್ಯೆ ತೆಗೆದುಕೊಂಡರೆ ಭಿನ್ನರಾಶಿ ಬರುವುದಿಲ್ಲ.

ಅವಳ 4:3 ಕ್ಕೆ 32 ಲೀಟರ್ ಮತ್ತು 24 ಲೀಟರ್ ತೆಗೆದುಕೊಳ್ಳೋಣ. 32 ಲೀಟರ್‌ನಲ್ಲಿ ಹಾಲು 20, ನೀರು 12. 24 ಲೀಟರ್‌ನಲ್ಲಿ ಹಾಲು 8, ನೀರು 16. ಒಟ್ಟು ಹಾಲು 28, ನೀರು 28. ಸಮ ಸಮ.

ಅವನ 3:4 ಕ್ಕೆ 72 ಮತ್ತು 96 ಲೀಟರ್ ಬೇಕಾಗುತ್ತದೆ. 72 ರಲ್ಲಿ ಹಾಲು 45, ನೀರು 27. 96 ರಲ್ಲಿ ಹಾಲು 32, ನೀರು 64. ಒಟ್ಟು ಹಾಲು 77, ನೀರು 91. ಸಮ ಇಲ್ಲ. ಈಗ ತಪ್ಪು ಸಿಕ್ಕಿತು.

ತಪ್ಪು ಸಿಕ್ಕಿದ್ದು ಸರಿ, ಆದರೆ ಆ 3:4 ಎಲ್ಲಿಂದ ಬಂತು? ಅವನ ಲೆಕ್ಕದಲ್ಲಿ ಒಂದು ಕಳೆಯುವಿಕೆಯೂ ತಪ್ಪಿಲ್ಲ. ಹಾಗಾದರೆ 3:4 ಯಾವುದೋ ಒಂದರ ಅನುಪಾತ ಆಗಿರಲೇಬೇಕು, ಅಲ್ವಾ? ಸರಿ ಉತ್ತರದ ಲೀಟರ್‌ಗಳನ್ನು ಮತ್ತೊಮ್ಮೆ ನೋಡಿ. ಮೊದಲ ಪಾತ್ರೆಯಿಂದ ಬಂದ ನೀರು 12 ಲೀಟರ್. ಎರಡನೆಯದರಿಂದ ಬಂದ ನೀರು 16 ಲೀಟರ್. 12:16 ಅಂದರೆ 3:4. ಅವನಿಗೆ ಸಿಕ್ಕಿದ್ದು ನೀರಿನ ಅನುಪಾತ. ಪ್ರಶ್ನೆ ಕೇಳಿದ್ದು ಮಿಶ್ರಣದ ಅನುಪಾತ.

ಯಾಕೆ ನೀರು? ಅವನು ಹಾಕಿದ್ದು 5/3. ಅದರ ಅರ್ಥ, ಪ್ರತಿ ಒಂದು ಲೀಟರ್ ನೀರಿಗೆ 5/3 ಲೀಟರ್ ಹಾಲು. ಅವಳು ಹಾಕಿದ್ದು 5/8. ಅದರ ಅರ್ಥ, ಪ್ರತಿ ಒಂದು ಲೀಟರ್ ಮಿಶ್ರಣಕ್ಕೆ 5/8 ಲೀಟರ್ ಹಾಲು. ಕ್ರಾಸ್ ಕೊಡುವುದು ಆ "ಪ್ರತಿ" ಅನ್ನುವುದರ ಅನುಪಾತವನ್ನು. ಪ್ರತಿ ಲೀಟರ್ ನೀರಿಗೆ ಅಂದರೆ ನೀರಿನ ಅನುಪಾತ ಬರುತ್ತದೆ. ಪ್ರತಿ ಲೀಟರ್ ಮಿಶ್ರಣಕ್ಕೆ ಅಂದರೆ ಮಿಶ್ರಣದ ಅನುಪಾತ ಬರುತ್ತದೆ. ಗಣಿತದ ಮಾತಲ್ಲಿ ಹೇಳುವುದಾದರೆ, ಅಲಿಗೇಶನ್‌ನ ಅನುಪಾತ ಯಾವಾಗಲೂ ಛೇದದಲ್ಲಿ ಇರುವ ಪ್ರಮಾಣದ್ದು.

ಹೀಗೆ ಆಗುವುದಕ್ಕೆ ಕಾರಣ ಸರಳ. ಮೊದಲ ಪಾತ್ರೆಯ ಪ್ರತಿ ಲೀಟರ್‌ನಲ್ಲಿ ಬೇಕಾದ್ದಕ್ಕಿಂತ 1/8 ಲೀಟರ್ ಹಾಲು ಜಾಸ್ತಿ ಇದೆ. ಎರಡನೇ ಪಾತ್ರೆಯ ಪ್ರತಿ ಲೀಟರ್‌ನಲ್ಲಿ 1/6 ಲೀಟರ್ ಕಡಿಮೆ ಇದೆ. ಜಾಸ್ತಿ ಇರುವುದು ಕಡಿಮೆ ಇರುವುದನ್ನು ಸರಿಯಾಗಿ ತುಂಬಬೇಕು. ಮೊದಲನೆಯದು 4 ಲೀಟರ್ ಹಾಕಿದರೆ ಅರ್ಧ ಲೀಟರ್ ಜಾಸ್ತಿ. ಎರಡನೆಯದು 3 ಲೀಟರ್ ಹಾಕಿದರೆ ಅರ್ಧ ಲೀಟರ್ ಕಡಿಮೆ. ತಾಳೆ ಆಯಿತು. ನಾವು ಎಣಿಸುತ್ತಿರುವುದು "ಪ್ರತಿ ಲೀಟರ್" ಎಷ್ಟು ಸಲ ಬಂತು ಅಂತ. ಹಾಗಾಗಿ ಉತ್ತರವೂ ಅದರದ್ದೇ.

ಇದೇ ಲೆಕ್ಕದಲ್ಲಿ ಇನ್ನೊಂದು ತಪ್ಪು ಸಾಮಾನ್ಯ. "ಎರಡೂ ಪಾತ್ರೆಯಿಂದ ಸಮ ಪ್ರಮಾಣ ಸೇರಿಸಿದರೆ ಹಾಲು, ನೀರಿನ ಅನುಪಾತ ಎಷ್ಟು?" ಅಂತ ಕೇಳಿದಾಗ ಕೆಲವರು ಭಾಗಗಳನ್ನು ಸುಮ್ನೆ ಕೂಡಿಬಿಡುತ್ತಾರೆ. ಹಾಲು 5+1, ನೀರು 3+2, ಉತ್ತರ 6:5. ಇದೂ ಬೇರೆ ಪ್ರಶ್ನೆಯ ಸರಿ ಉತ್ತರ. ಮೊದಲನೆಯದರಿಂದ 8 ಲೀಟರ್, ಎರಡನೆಯದರಿಂದ 3 ಲೀಟರ್ ಹಾಕಿದರೆ 6:5 ಬರುತ್ತದೆ. ಸಮ ಪ್ರಮಾಣ ಬೇಕಾದರೆ ಎರಡರಿಂದಲೂ 24 ಲೀಟರ್ ತೆಗೆಯಿರಿ. ಹಾಲು 15+8, ಅಂದರೆ 23. ನೀರು 9+16, ಅಂದರೆ 25. ಉತ್ತರ 23:25. ಒಂದರಲ್ಲಿ ಹಾಲು ಜಾಸ್ತಿ, ಇನ್ನೊಂದರಲ್ಲಿ ನೀರು ಜಾಸ್ತಿ. ವ್ಯತ್ಯಾಸ ಸಣ್ಣದೇನಲ್ಲ.

ಈಗ ವೇಗದ ಲೆಕ್ಕಕ್ಕೆ ಬರೋಣ. ಇದು ಮಿಶ್ರಣದ ಲೆಕ್ಕದಂತೆ ಕಾಣುವುದಿಲ್ಲ, ಆದರೆ ಒಳಗೆ ಅದೇ. ಒಬ್ಬರು 240 ಕಿಲೋಮೀಟರ್ ಹೋಗುತ್ತಾರೆ. ಸ್ವಲ್ಪ ದೂರ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಉಳಿದ ದೂರ 60 ರ ವೇಗದಲ್ಲಿ. ಇಡೀ ದಾರಿಯ ಸರಾಸರಿ ವೇಗ 48. ಒಂದೊಂದು ವೇಗದಲ್ಲಿ ಎಷ್ಟು ದೂರ ಹೋದರು?

ಕ್ರಾಸ್ ಹಾಕಿದರೆ 60 ರಿಂದ 48 ಕಳೆದು 12, 48 ರಿಂದ 40 ಕಳೆದು 8. ಅನುಪಾತ 3:2. ತಕ್ಷಣ ಕೈ 240 ರ ಕಡೆ ಹೋಗುತ್ತದೆ. ಪ್ರಶ್ನೆಯಲ್ಲಿ ಕೊಟ್ಟಿರುವ ಒಟ್ಟು ಅದೊಂದೇ. 240 ನ್ನು 3:2 ಮಾಡಿದರೆ 144 ಮತ್ತು 96.

ವೇಗ ಅಂದರೆ ಪ್ರತಿ ಗಂಟೆಗೆ ಇಷ್ಟು ಕಿಲೋಮೀಟರ್. "ಪ್ರತಿ" ಅನ್ನುವುದರ ಪಕ್ಕ ಇರುವುದು ಗಂಟೆ. ಹಾಗಾಗಿ 3:2 ಸಮಯದ ಅನುಪಾತ. ಒಟ್ಟು ಸಮಯ 240 ಭಾಗಿಸು 48, ಅಂದರೆ 5 ಗಂಟೆ. 3 ಗಂಟೆ 40 ರ ವೇಗದಲ್ಲಿ, 2 ಗಂಟೆ 60 ರ ವೇಗದಲ್ಲಿ. ದೂರ 120 ಮತ್ತು 120. ಎರಡೂ ಸಮ!

ಮತ್ತೆ ಅದೇ ಕಥೆ ಇಲ್ಲೂ ನಡೆಯುತ್ತದೆ. ತಪ್ಪು ಉತ್ತರವನ್ನು ಅದರದೇ ದಾರಿಯಲ್ಲಿ ಪರೀಕ್ಷಿಸಿದರೆ ಪಾಸಾಗುತ್ತದೆ. 144×40 ಕೂಡಿಸು 96×60, ಎರಡೂ 5760, ಒಟ್ಟು 11520. 240 ರಿಂದ ಭಾಗಿಸಿದರೆ ಸರಿಯಾಗಿ 48. ನಿಜವಾಗಿ ಪ್ರಯಾಣ ಮಾಡಿಸಿ ನೋಡಿದರೆ ಮಾತ್ರ ತಪ್ಪು ಕಾಣುತ್ತದೆ. 144 ಕಿಲೋಮೀಟರ್‌ಗೆ 40 ರ ವೇಗದಲ್ಲಿ 3.6 ಗಂಟೆ. 96 ಕ್ಕೆ 60 ರ ವೇಗದಲ್ಲಿ 1.6 ಗಂಟೆ. ಒಟ್ಟು 5.2 ಗಂಟೆ. ಆದರೆ 48 ರ ಸರಾಸರಿಯಲ್ಲಿ 240 ಕಿಲೋಮೀಟರ್‌ಗೆ 5 ಗಂಟೆ ಸಾಕು. ತಾಳೆ ಆಗುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು: "ಸರಾಸರಿ ಯಾವುದಕ್ಕೆ ಹತ್ತಿರ ಇದೆಯೋ ಅದರ ಪ್ರಮಾಣ ಜಾಸ್ತಿ ಇರಬೇಕು ಅಂತ ಹೇಳಿಕೊಟ್ಟಿದ್ದಾರೆ. ಅದನ್ನು ನೋಡಿದರೆ ಸಾಲದೇ ಸರ್?"

ಆ ನಿಯಮ ಒಳ್ಳೆಯದು, ಅನುಪಾತ ತಿರುಗಿಸಿ ಬರೆದವರನ್ನು ಅದು ಖಂಡಿತ ಹಿಡಿಯುತ್ತದೆ. ಆದರೆ ಈ ತಪ್ಪಿಗೆ ಅದು ಸಾಲದು. ವೇಗದ ಲೆಕ್ಕ ನೋಡಿ. 48 ಹತ್ತಿರ ಇರುವುದು 40 ಕ್ಕೆ. 144 ಕೂಡ 40 ರ ಕಡೆಯೇ ಜಾಸ್ತಿ ಇದೆ. ನಿಯಮ ಒಪ್ಪಿಬಿಟ್ಟಿತು. ಹಾಲು ನೀರಿನ ಲೆಕ್ಕದಲ್ಲಿ ಇನ್ನೂ ವಿಚಿತ್ರ. ಅವಳ ಸಂಖ್ಯೆಗಳಲ್ಲಿ 1/2 ಹತ್ತಿರ ಇರುವುದು 5/8 ಕ್ಕೆ, ಹಾಗಾಗಿ ಮೊದಲ ಪಾತ್ರೆ ಜಾಸ್ತಿ. ಅವನ ಸಂಖ್ಯೆಗಳಲ್ಲಿ 1 ಹತ್ತಿರ ಇರುವುದು 1/2 ಕ್ಕೆ, ಹಾಗಾಗಿ ಎರಡನೇ ಪಾತ್ರೆ ಜಾಸ್ತಿ. ಇಬ್ಬರಿಗೂ ನಿಯಮ "ಸರಿ" ಅನ್ನುತ್ತದೆ. ಯಾವುದರ ಪ್ರಮಾಣ ಅಂತ ಮೊದಲು ಗೊತ್ತಿದ್ದರೆ ಮಾತ್ರ ಆ ನಿಯಮಕ್ಕೆ ಅರ್ಥ.

ಲಾಭ ನಷ್ಟದ ಲೆಕ್ಕವೂ ಹೀಗೇ. ಲಾಭದ ಪರ್ಸೆಂಟ್‌ನ್ನು ಎಣಿಸುವುದು ಕೊಂಡ ಬೆಲೆಯ ಮೇಲೆ. ಒಂದು ವಸ್ತುವಿನಲ್ಲಿ 20 ಪರ್ಸೆಂಟ್ ಲಾಭ, ಇನ್ನೊಂದರಲ್ಲಿ 10 ಪರ್ಸೆಂಟ್ ನಷ್ಟ, ಒಟ್ಟಾರೆ 5 ಪರ್ಸೆಂಟ್ ಲಾಭ ಅಂದರೆ ಕ್ರಾಸ್ ಕೊಡುವ 1:1 ಕೊಂಡ ಬೆಲೆಗಳದ್ದು. ಮಾರಿದ ಬೆಲೆಗಳ ಅನುಪಾತ 120:90, ಅಂದರೆ 4:3. ಪ್ರಶ್ನೆಯಲ್ಲಿ ಒಟ್ಟು ಮಾರಿದ ಬೆಲೆ ಕೊಟ್ಟಿದ್ದರೆ ಅದನ್ನು 1:1 ಹಂಚಬಾರದು.

ಇದಕ್ಕಿಂತ ಆಳವಾದದ್ದು ಚಿನ್ನ ಮತ್ತು ತಾಮ್ರದ ಹಳೆಯ ಪ್ರಶ್ನೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ತಾಮ್ರ 9 ಪಟ್ಟು ಭಾರ. 15 ಪಟ್ಟು ಭಾರದ ಮಿಶ್ರಲೋಹ ಬೇಕಾದರೆ ಯಾವ ಅನುಪಾತ? ಎಲ್ಲರೂ ಬರೆಯುವ ಉತ್ತರ 3:2. ಅದು ಸರಿ, ಆದರೆ ಯಾವುದರಲ್ಲಿ? "ನೀರಿಗಿಂತ ಇಷ್ಟು ಪಟ್ಟು ಭಾರ" ಅಂದರೆ ಅಷ್ಟೇ ಜಾಗ ತುಂಬುವ ನೀರಿಗಿಂತ ಅಂತ. ಛೇದದಲ್ಲಿ ಇರುವುದು ಗಾತ್ರ. 3:2 ಗಾತ್ರದ ಅನುಪಾತ. ತೂಕದ ಅನುಪಾತ ಬೇಕಾದರೆ 3×19 : 2×9, ಅಂದರೆ 57:18, ಅಂದರೆ 19:6. ಪ್ರಶ್ನೆಯಲ್ಲಿ "50 ಗ್ರಾಂ ಮಿಶ್ರಲೋಹದಲ್ಲಿ ಚಿನ್ನ ಎಷ್ಟು" ಅಂತ ಕೇಳಿದರೆ 30 ಗ್ರಾಂ ತಪ್ಪು, 38 ಗ್ರಾಂ ಸರಿ. ಬೇಕಾದರೆ ಗಾತ್ರ ಲೆಕ್ಕ ಹಾಕಿ. 38 ನ್ನು 19 ರಿಂದ ಭಾಗಿಸಿದರೆ 2. ಉಳಿದ 12 ನ್ನು 9 ರಿಂದ ಭಾಗಿಸಿದರೆ 4/3. ಒಟ್ಟು ಗಾತ್ರ 10/3. 50 ನ್ನು 10/3 ರಿಂದ ಭಾಗಿಸಿದರೆ 15.

ಯಾವುದರಿಂದ ಭಾಗಿಸಬೇಕು ಅನ್ನುವ ಈ ಎಚ್ಚರ ಹಳೆಯದು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಸುವರ್ಣ ಗಣಿತ ಅಂತ ಒಂದು ಭಾಗ ಇದೆ. ಚಿನ್ನದ ತುಂಡುಗಳ ತೂಕವನ್ನು ಅದರ ಬಣ್ಣದಿಂದ, ಅಂದರೆ ಶುದ್ಧತೆಯ ಅಳತೆಯಿಂದ, ಗುಣಿಸಿ ಕೂಡಬೇಕು. ಆಮೇಲೆ ಒಟ್ಟು ತೂಕದಿಂದ ಭಾಗಿಸಿದರೆ ಮಿಶ್ರಣದ ಬಣ್ಣ ಸಿಗುತ್ತದೆ. ಅಲ್ಲಿನ ಉದಾಹರಣೆಯಲ್ಲಿ ಗುಣಿಸಿ ಕೂಡಿದ ಮೊತ್ತ 240, ಒಟ್ಟು ತೂಕ 20 ಮಾಷ, ಬಣ್ಣ 12. ಅದೇ ಚಿನ್ನವನ್ನು ಕಾಸಿ ಶುದ್ಧ ಮಾಡಿದಾಗ 16 ಮಾಷ ಉಳಿದರೆ ಬಣ್ಣ ಎಷ್ಟು? ಮೇಲಿನ 240 ಬದಲಾಗುವುದಿಲ್ಲ, ಕೆಳಗಿನ ಸಂಖ್ಯೆ 16 ಆಗುತ್ತದೆ. ಬಣ್ಣ 15. ಕೊಳೆ ಹೋದ ಮೇಲೆ ಹಳೆಯ 20 ರಿಂದ ಭಾಗಿಸಬಾರದು ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ.

ಈ ಉದಾಹರಣೆ ನಮ್ಮನ್ನು ಎರಡನೇ ಬಗೆಯ ತಪ್ಪಿಗೆ ಕರೆದುಕೊಂಡು ಹೋಗುತ್ತದೆ. ಇದರಲ್ಲಿ ಕ್ರಾಸ್‌ಗೆ ಹಾಕಿದ ಸಂಖ್ಯೆ ಸರಿ, ಛೇದವೂ ಸರಿ. ಬಂದ ಅನುಪಾತವನ್ನು ಹಚ್ಚುವ ಪ್ರಮಾಣ ಮಾತ್ರ ತಪ್ಪು. ತೆಗೆದು ತುಂಬುವ ಲೆಕ್ಕಗಳಲ್ಲಿ ಇದು ಬಹಳ.

ತೊಟ್ಟಿಯಲ್ಲಿ 36 ಲೀಟರ್ ದ್ರಾವಣ ಇದೆ, ಅದರಲ್ಲಿ ಆಮ್ಲ 50 ಪರ್ಸೆಂಟ್. ಸ್ವಲ್ಪ ತೆಗೆದು, ಅಷ್ಟೇ ಪ್ರಮಾಣದ 20 ಪರ್ಸೆಂಟ್ ದ್ರಾವಣ ತುಂಬುತ್ತೇವೆ. ಈಗ ಆಮ್ಲ 30 ಪರ್ಸೆಂಟ್. ಎಷ್ಟು ಲೀಟರ್ ತೆಗೆದೆವು?

ಕ್ರಾಸ್ ಹಾಕಿ. 30 ರಿಂದ 20 ಕಳೆದರೆ 10, 50 ರಿಂದ 30 ಕಳೆದರೆ 20. ಅನುಪಾತ 1:2. ಇಲ್ಲಿಯವರೆಗೆ ಎಲ್ಲರದೂ ಒಂದೇ. ಇಲ್ಲಿಂದ ಮೂರು ದಾರಿ ಒಡೆಯುತ್ತವೆ.

ಮೊದಲನೆಯವರು ಹಳೆಯ ದ್ರಾವಣ 36 ಲೀಟರ್, ಅದೇ 1 ಪಾಲು, ಹಾಗಾಗಿ ಹೊಸದು 72 ಲೀಟರ್ ಅನ್ನುತ್ತಾರೆ. 36 ಲೀಟರ್‌ನಿಂದ 72 ಲೀಟರ್ ತೆಗೆಯಲು ಆಗುವುದಿಲ್ಲ ಎನ್ನುವುದು ಕಣ್ಣಿಗೆ ಕಾಣುತ್ತದೆ. ಆದರೆ 72 ಎಲ್ಲಿಂದ ಬಂತು ಅಂತ ನೋಡಿ. ಏನನ್ನೂ ತೆಗೆಯದೆ ಬರೀ ಸುರಿಯುತ್ತಾ ಹೋದರೆ 30 ಪರ್ಸೆಂಟ್ ತಲುಪಲು 72 ಲೀಟರ್ ಬೇಕು. ಆಮ್ಲ 18 ಕೂಡಿಸು 14.4, ಅಂದರೆ 32.4 ಲೀಟರ್. ಒಟ್ಟು 108 ಲೀಟರ್. ಸರಿಯಾಗಿ 30 ಪರ್ಸೆಂಟ್. ಇದೂ ಬೇರೆ ಪ್ರಶ್ನೆಯ ಸರಿ ಉತ್ತರವೇ.

ಎರಡನೆಯವರು 1:2 ನ್ನು "ಎರಡರಲ್ಲಿ ಒಂದು" ಅಂತ ಓದುತ್ತಾರೆ. 36 ರ ಅರ್ಧ, 18 ಲೀಟರ್. ಸುರಿದು ನೋಡೋಣ. ಉಳಿದ 18 ಲೀಟರ್‌ನಲ್ಲಿ ಆಮ್ಲ 9, ತುಂಬಿದ 18 ರಲ್ಲಿ 3.6. ಒಟ್ಟು 12.6 ಲೀಟರ್, ಅಂದರೆ 35 ಪರ್ಸೆಂಟ್. ತಾಳೆ ಆಗಲಿಲ್ಲ.

ಮೂರನೆಯವರು ಒಂದು ಪ್ರಶ್ನೆ ಹಾಕಿಕೊಳ್ಳುತ್ತಾರೆ: ಕೊನೆಗೆ ತೊಟ್ಟಿಯಲ್ಲಿ ನಿಜವಾಗಿ ಬೆರೆತದ್ದು ಯಾವುದು ಮತ್ತು ಯಾವುದು? ಬೆರೆತದ್ದು ಉಳಿದ ಹಳೆಯ ದ್ರಾವಣ ಮತ್ತು ತುಂಬಿದ ಹೊಸ ದ್ರಾವಣ. ಮೊದಲಿದ್ದ 36 ಲೀಟರ್ ಪೂರ್ತಿಯಾಗಿ ಬೆರೆಯಲೇ ಇಲ್ಲ. ಹಾಗಾಗಿ ಉಳಿದದ್ದು 1 ಪಾಲು, ತುಂಬಿದ್ದು 2 ಪಾಲು, ಸೇರಿ 36. ಉಳಿದದ್ದು 12 ಲೀಟರ್, ತೆಗೆದದ್ದು 24 ಲೀಟರ್. ಪರೀಕ್ಷೆ ಮಾಡಿದರೆ ಆಮ್ಲ 6 ಕೂಡಿಸು 4.8, ಒಟ್ಟು 10.8. 36 ರ 30 ಪರ್ಸೆಂಟ್ ಕೂಡ 10.8.

ಗಮನಿಸಿ, ಆಪ್ಷನ್‌ಗಳಲ್ಲಿ 12 ಇರುವ ಸಾಧ್ಯತೆಯೂ ಇದೆ. ಅದು ಉಳಿದ ಪ್ರಮಾಣ. ಪ್ರಶ್ನೆ ಕೇಳಿದ್ದು ತೆಗೆದದ್ದನ್ನು. ಅದಕ್ಕೇ ನಾನು ಹೇಳುವುದು, ಕ್ರಾಸ್ ಹಾಕಿದ ತಕ್ಷಣ 1:2 ಅಂತ ಬರಿದೇ ಬರೆಯಬೇಡಿ. "ಉಳಿದದ್ದು : ತುಂಬಿದ್ದು = 1:2, ಲೀಟರ್‌ನಲ್ಲಿ" ಅಂತ ಬರೆಯಿರಿ. ವೇಗದ ಲೆಕ್ಕದಲ್ಲಿ "40 ರ ಗಂಟೆ : 60 ರ ಗಂಟೆ = 3:2". ಹೆಸರು ಬರೆದುಬಿಟ್ಟರೆ ಅದನ್ನು ಕಿಲೋಮೀಟರ್‌ಗೆ ಹಚ್ಚಲು ಕೈ ಬರುವುದಿಲ್ಲ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಬಂತು. "ಪರೀಕ್ಷೆಯ ಹಾಲ್‌ನಲ್ಲಿ ಇಷ್ಟೆಲ್ಲ ಸುರಿದು ನೋಡಲು ಟೈಮ್ ಎಲ್ಲಿರುತ್ತದೆ ಸರ್?" ಅಂತ ಹಿಂದಿನ ಸಾಲಿನಿಂದ. ನ್ಯಾಯವಾದ ಪ್ರಶ್ನೆ. ಪ್ರಶ್ನೆಯಲ್ಲಿ ನೇರವಾಗಿ ಲೀಟರ್ ಅಥವಾ ಕಿಲೋ ಕೊಟ್ಟು, ಪರ್ಸೆಂಟ್ ಕೂಡ ಅದೇ ಲೀಟರ್ ಅಥವಾ ಕಿಲೋ ಮೇಲೆ ಇದ್ದರೆ ಸುರಿದು ನೋಡುವ ಅಗತ್ಯ ಇಲ್ಲ. ಮೂರು ಕಡೆ ಮಾತ್ರ ನಿಲ್ಲಿ: ಭಾಗಕ್ಕೆ ಭಾಗ ಅಂತ ಅನುಪಾತ ಕೊಟ್ಟಾಗ, ಕೊಟ್ಟ ಒಟ್ಟು ಮೊತ್ತದ ಅಳತೆ ಛೇದದ ಅಳತೆಗಿಂತ ಬೇರೆ ಇದ್ದಾಗ, ಮತ್ತು ಏನನ್ನಾದರೂ ಹೊರಗೆ ತೆಗೆದಾಗ. ಅಲ್ಲಿ ಒಂದೇ ಒಂದು ವಸ್ತುವನ್ನು ಎಣಿಸಿದರೆ ಸಾಕು. ಆಮ್ಲ ಮಾತ್ರ, ಅಥವಾ ಸಮಯ ಮಾತ್ರ. ಎರಡು ಗುಣಾಕಾರ ಅಥವಾ ಭಾಗಾಕಾರ, ಒಂದು ಸಂಕಲನ.

ಒಂದು ಮಿತಿಯನ್ನೂ ಹೇಳಬೇಕು. ಲೀಟರ್‌ಗೆ ಲೀಟರ್ ಕೂಡುತ್ತದೆ ಅನ್ನುವುದು ಈ ಲೆಕ್ಕಗಳ ಒಪ್ಪಂದ. ಪ್ರಯೋಗಾಲಯದಲ್ಲಿ ಅದು ಯಾವಾಗಲೂ ನಿಜವಲ್ಲ. 50 ಮಿಲಿಲೀಟರ್ ಶುದ್ಧ ಆಲ್ಕೋಹಾಲ್‌ಗೆ 50 ಮಿಲಿಲೀಟರ್ ನೀರು ಸೇರಿಸಿದರೆ 100 ಬರುವುದಿಲ್ಲ, ಸುಮಾರು 96 ಬರುತ್ತದೆ. ತೂಕ ಮಾತ್ರ ಕೂಡಿದಷ್ಟೇ ಇರುತ್ತದೆ. ಆಪ್ಟಿಟ್ಯೂಡ್ ಪ್ರಶ್ನೆಯಲ್ಲಿ ಈ ವ್ಯತ್ಯಾಸವನ್ನು ಬಿಟ್ಟುಬಿಡಿ. ಆದರೆ ನಿಜವಾದ ದ್ರಾವಣ ತಯಾರಿಸುವಾಗ ಪರ್ಸೆಂಟ್ ತೂಕದ ಮೇಲೋ ಗಾತ್ರದ ಮೇಲೋ ಅಂತ ಬಾಟಲಿಯ ಮೇಲೆ ನೋಡಿ. ತೂಕದ ಮೇಲೆ ಇದ್ದರೆ ಕ್ರಾಸ್ ಕೊಡುವ ಅನುಪಾತ ಗ್ರಾಂನಲ್ಲಿ ಇರುತ್ತದೆ. ಅದನ್ನು ಅಳತೆ ಜಾಡಿಯಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಬೇಕು.